ಜಾತ್ರೆ ವಾರದ ಡ್ಯೂಟಿ ಚಾರ್ಟ್

ಗುರುವಾರ ರಾತ್ರಿ ಹನ್ನೊಂದೂವರೆಗೆ ಇಲಿಯಾಸ್ ಫೋನ್ ಮಾಡಿದ. "ಅಣ್ಣಾರ, ಮ್ಯಾಗಿನ ಆಪರೇಷನ್ ಥಿಯೇಟರ್‌ನವ್ರು ಕೆಟಮಿನ್ ಕೇಳಾಕತ್ತಾರ. ಚೀಟಿ ಎರಡೂ ಪ್ರತಿ ಸರಿ ಅದಾವ. ಅಲ್ಮಾರಾದ ಚಾವಿನೇ ಇಲ್ರಿ."

ಕಲಬುರಗಿಯ ಸೇಡಂ ರಸ್ತೆಯ ಕಡೆ, ಒಂದು ನರ್ಸಿಂಗ್ ಹೋಮ್ ಕೆಳಗಿನ ಮೆಡಿಕಲ್ ಅಂಗಡಿ ನಮ್ಮದು. ಇಪ್ಪತ್ನಾಲ್ಕು ತಾಸೂ ತೆರೆದಿರುತ್ತದೆ. ಚಾರ್ಟ್ ಹಾಕುವವನು ನಾನೇ. ಪ್ರತಿ ಪಾಳಿಗೆ ಒಬ್ಬ ಸೀನಿಯರ್, ಅಂದರೆ ನೋಂದಾಯಿತ ಫಾರ್ಮಸಿಸ್ಟ್, ಒಬ್ಬ ಟ್ರೇನಿ, ಮತ್ತೆ ಚಾವಿ ಇರುವವರು ಒಬ್ಬರು. ಅರಿವಳಿಕೆಗೆ ಬಳಸುವ ಕೆಟಮಿನ್ ಶೆಡ್ಯೂಲ್ ಎಕ್ಸ್ ಔಷಧ, ಬೀಗದೊಳಗೇ ಇಡಬೇಕು. ಆ ಅಲ್ಮಾರಾಕ್ಕೆ ನಾಲ್ಕೇ ಚಾವಿ. ಮೂರು ಸೀನಿಯರ್‌ಗಳ ಹತ್ತಿರ, ನಾಲ್ಕನೆಯದು ಕೌಂಟರ್ ಮತ್ತು ಸ್ಟಾಕ್ ನೋಡುವ ಸಾವಿತ್ರಿಯವರ ಹತ್ತಿರ. ಇಲಿಯಾಸ್ ನಾಲ್ಕನೇ ಸೀನಿಯರ್, ಹೊಸದಾಗಿ ಬಂದವನು, ಅವನಿಗೆ ಚಾವಿ ಕೊಟ್ಟಿರಲಿಲ್ಲ.

ಚಾರ್ಟ್ ತೆಗೆದು ನೋಡಿದೆ. ಗುರುವಾರ ರಾತ್ರಿಗೆ ಬಸವರಾಜ್ ಹೆಸರಿತ್ತು, ಎಲ್ಲ ಹಸಿರು. ಆದರೆ ಮಧ್ಯಾಹ್ನವೇ ಅವನೂ ಇಲಿಯಾಸೂ ಮಾತಾಡಿಕೊಂಡು ಪಾಳಿ ಬದಲಿಸಿದ್ದರು. ಬಸವರಾಜ್‌ಗೆ ಮಕ್ಕಳನ್ನು ಶರಣಬಸವೇಶ್ವರ ಜಾತ್ರೆಗೆ ಕರೆದೊಯ್ಯಬೇಕಿತ್ತು. ಸೀನಿಯರ್‌ಗೆ ಸೀನಿಯರ್ ಬದಲಿ, ಇದರಲ್ಲೇನು ತಪ್ಪು ಅಂದುಕೊಂಡಿದ್ದಾರೆ. ನನ್ನನ್ನು ಕೇಳಿದ್ದರೆ ನಾನೂ ಹೂಂ ಅಂತಿದ್ದೆನೇನೋ.

ಸಾವಿತ್ರಿಯವರು ಹತ್ತಕ್ಕೆ ಪಾಳಿ ಮುಗಿಸಿ ಹೋಗಿದ್ದರು. ಅವರ ಮನೆ ಬ್ರಹ್ಮಪುರದಲ್ಲಿ, ಅಂದರೆ ಜಾತ್ರೆಯ ಜನಜಂಗುಳಿಯ ಪಕ್ಕದಲ್ಲೇ. ಬೈಕ್ ದೂರ ನಿಲ್ಲಿಸಿ ನಡೆದು ಹೋಗಿ ಚಾವಿ ತಂದು ಅಲ್ಮಾರಾ ತೆಗೆಯುವಷ್ಟರಲ್ಲಿ ನಲವತ್ತು ನಿಮಿಷ. ಮೇಲಿನವರು ಅಷ್ಟರೊಳಗೆ ಬೇರೆ ಕಡೆಯಿಂದ ತರಿಸಿಕೊಂಡಿದ್ದರು. ಬೈದರು, ಬೈಸಿಕೊಂಡೆ.

ಮರುದಿನ ಶೀಟ್ ಮುಂದೆ ಕೂತೆ. B ಕಾಲಂನಲ್ಲಿ ದರ್ಜೆ, ಸೀನಿಯರ್ ಆದರೆ S. C ಯಲ್ಲಿ ಚಾವಿ, ಇದ್ದರೆ Y. D ಯಿಂದ ಸೋಮವಾರ ಶುರು, ಹಾಗಾಗಿ ಗುರುವಾರ G. ಹನ್ನೊಂದು ಮಂದಿ, ರಾತ್ರಿಗೆ N.

```
=COUNTIFS($B$2:$B$12,"S",G$2:G$12,"N")
=COUNTIFS($C$2:$C$12,"Y",G$2:G$12,"N")
```

ಬದಲಾದ ಪಾಳಿಯನ್ನು ತುಂಬಿದ ತಕ್ಷಣ ಮೊದಲ ಸಾಲು 1 ರಲ್ಲೇ ನಿಂತಿತು, ಎರಡನೆಯದು 0 ಆಯಿತು. ಇಲಿಯಾಸ್ ಬಿಟ್ಟುಕೊಟ್ಟ ಪಾಳಿಗೆ ಎರಡು ಚಾವಿ, ರಾತ್ರಿಗೆ ಒಂದೂ ಇಲ್ಲ. ಸೂತ್ರ ಸರಿಯಾಗಿಯೇ ಇತ್ತು, ಅದಕ್ಕೆ ಯಾರೂ ಹೇಳಿರಲಿಲ್ಲ ಅಷ್ಟೇ. (ಇನ್ನೊಂದು ಕಿರಿಕಿರಿಯೂ ಆಗ ಸಿಕ್ಕಿತು. ಒಂದು ಕೋಶದಲ್ಲಿ N ಆದ ಮೇಲೆ ಒಂದು ಸ್ಪೇಸ್ ಬಿದ್ದಿತ್ತು, ಆ ಟ್ರೇನಿ ಎಣಿಕೆಗೇ ಬಂದಿರಲಿಲ್ಲ. ಕಣ್ಣಿಗೆ ಕಾಣದ ತಪ್ಪು ಅದು.)

ಮಾಲೀಕರು ಸುಲಭದ ದಾರಿ ಹೇಳಿದರು: ಸಾವಿತ್ರಿಯ ಚಾವಿ ಇಲಿಯಾಸ್‌ಗೆ ಕೊಡು, ಸೀನಿಯರ್ ಎಲ್ಲರ ಹತ್ತಿರ ಚಾವಿ ಇರಲಿ. ನಾನು ಲೆಕ್ಕ ಹಾಕಿ ತೋರಿಸಿದೆ. ವಾರಕ್ಕೆ 21 ಪಾಳಿ. ವಾರದ ರಜೆ ಬಿಟ್ಟು ಒಬ್ಬರಿಗೆ 6, ನಾಲ್ವರಿಗೆ 24, ಉಳಿಯುವುದು ಮೂರೇ. ಒಬ್ಬ ಸೀನಿಯರ್ ವಾರವಿಡೀ ರಜೆ ಹಾಕಿದರೆ 18 ಆಗಿ, ಮೂರು ಪಾಳಿಗೆ ಸೀನಿಯರ್ ಇಲ್ಲ. ಚಾವಿಗಳೆಲ್ಲ ಅವರ ಹತ್ತಿರವೇ ಇದ್ದರೆ ಆ ಮೂರಕ್ಕೂ ಚಾವಿಯೂ ಇಲ್ಲ. ಒಬ್ಬನೇ ಎರಡು ಖಾನೆ ತುಂಬಿದರೆ ಎಣಿಕೆ ಚೆನ್ನಾಗಿ ಕಾಣುತ್ತದೆ, ಆದರೆ ಅವನಿಗೆ ಜ್ವರ ಬಂದ ದಿನ ಎರಡೂ ಖಾಲಿ.

ಹಾಗಾಗಿ ಚಾವಿ ಸಾವಿತ್ರಿಯವರಲ್ಲೇ ಉಳಿಯಿತು. ಇಲಿಯಾಸ್ ಮತ್ತು ಅವರಿಗೆ ಒಂದೇ ಪಾಳಿ, ಒಂದೇ ದಿನ ರಜೆ. ಇಬ್ಬರೂ ಸೇರಿ ಚಾವಿಯಿರುವ ಒಬ್ಬ ಸೀನಿಯರ್‌ನ ಹಾಗೆ. ಬದಲಿ ಬೇಕಾದವರು ಮೊದಲು ನನಗೆ ಹೇಳಬೇಕು, ನಾನು ಶೀಟಿನಲ್ಲಿ ಹಾಕಿ ಎರಡೂ ಸಾಲು ನೋಡಿದ ಮೇಲೆಯೇ ಹೂಂ. ಟ್ರೇನಿಗಳಿಗೆ ಮಾತ್ರ ಚಾವಿ ಯಾವತ್ತೂ ಇಲ್ಲ, ಅವರು ಡಿ.ಫಾರ್ಮಾದ 500 ತಾಸಿನ ತರಬೇತಿಗೆ ಬಂದ ಹುಡುಗರು, ಮುಗಿದ ಮೇಲೆ ಹೋಗುವವರು.

ಒಂದು ತೊಡಕು ಉಳಿದಿದೆ. ಸಾವಿತ್ರಿಯವರು ರಾತ್ರಿ ಪಾಳಿ ಮಾಡುವುದಿಲ್ಲ. ಅದರಿಂದ ಇಲಿಯಾಸ್‌ಗೂ ರಾತ್ರಿ ಇಲ್ಲ, ಏಳು ರಾತ್ರಿಯನ್ನೂ ಉಳಿದ ಮೂವರೇ ಹೊರಬೇಕು. ಹೊಸ ಚಾರ್ಟ್ ಗೋಡೆಗೆ ಅಂಟಿಸಿದ ದಿನ ಬಸವರಾಜ್ ತನ್ನ ಸಾಲಿನಲ್ಲಿದ್ದ N ಗಳನ್ನು ಬೆರಳಿಟ್ಟು ಎಣಿಸಿದ. "ಮೂರ್ ಅದಾವ್ರಿ. ಒಂದ್ಸಲ ಜಾತ್ರಿಗಿ ಹೋಗಿದ್ದಕ್ಕ ಇಷ್ಟ್ಯಾಕ್ರಿ?" ಅಂದ.