ಮೂವತ್ತಮೂರನೇ ಅನುಮತಿ

ಜೆ.ಪಿ. ನಗರದ ಅಪಾರ್ಟ್‌ಮೆಂಟ್ ಸಂಘವೊಂದರ ಖಜಾಂಚಿ ಬೆಳಿಗ್ಗೆಯೇ ಫೋನ್ ಮಾಡಿದರು. ಅವರ ಆ್ಯಪ್ ನೋಡಿಕೊಳ್ಳುವುದು ನಮ್ಮ ತಂಡ. ಬಾಡಿಗೆಗೆ ಇರುವವರಿಗೂ ಮೇಂಟೆನೆನ್ಸ್ ಬಿಲ್ ತಿದ್ದುವ ಬಟನ್ ಕಾಣುತ್ತಿದೆ ಎಂಬುದು ದೂರು. "ಒಬ್ಬರ ಹೆಸರಿಗೆ ಹೋಗಿ ಟಿಕ್ ತೆಗೆದು ನೋಡಿದೆ ಕಣಪ್ಪಾ. ಬಟನ್ನೇನೋ ಹೋಯ್ತು, ಆದ್ರೆ ಈಗ ಅವರಿಗೆ ನೋಟಿಸ್‌ಗಳೇ ಕಾಣ್ತಿಲ್ಲ" ಅಂದರು.

ಸುಳಿವು ಇದ್ದದ್ದು ಆ ಎರಡನೇ ಮಾತಿನಲ್ಲಿ. ಆ್ಯಪ್‌ನಲ್ಲಿ ಒಬ್ಬೊಬ್ಬರ ಅನುಮತಿಗಳೆಲ್ಲ ಒಂದೇ ಸಂಖ್ಯೆಯಲ್ಲಿ, ಒಂದೊಂದಕ್ಕೆ ಒಂದೊಂದು ಬಿಟ್‌ನಂತೆ ಇರುತ್ತವೆ. ಬಿಲ್‌ನ ಅನುಮತಿ ತೆಗೆದರೆ ನೋಟಿಸ್‌ನ ಅನುಮತಿ ಹೋಗುತ್ತದೆ ಅಂದರೆ ಎರಡೂ ಒಂದೇ ಬಿಟ್‌ನಲ್ಲಿ ಕೂತಿರಬೇಕು. ಕೋರಮಂಗಲದ ಆಫೀಸಿಗೆ ಬಂದವನೇ ತಂಡದ ಹೊಸ ಹುಡುಗಿಯ ಜೊತೆ ಅನುಮತಿಗಳ ಫೈಲ್ ತೆರೆದೆ. ಪ್ರತಿ ಸಾಲಿನ ಬೆಲೆಯನ್ನು ಬ್ರೌಸರ್ ಕನ್ಸೋಲ್‌ನಲ್ಲಿ ಕೇಳುತ್ತಾ ಪಕ್ಕದಲ್ಲೇ ಬರೆದುಕೊಂಡೆವು.

```js
const NOTICE_READ = 1 << 0;   // 1
const GATE_PASS   = 1 << 1;   // 2
const COMPLAINT   = 1 << 2;   // 4
// ...
const HALL_BOOK   = 1 << 31;  // -2147483648
const BILL_EDIT   = 1 << 32;  // 1
```

"ಸರ್, ಕೊನೇದು 4294967296 ಆಗ್ಬೇಕಿತ್ತಲ್ವಾ?" ಅಂದಳು. ಗಣಿತದಲ್ಲಿ ಹೌದು. ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಸಾಮಾನ್ಯ ಸಂಖ್ಯೆಯನ್ನು ಬಿಟ್‌ವೈಸ್ ಆಪರೇಟರ್‌ಗೆ ಕೊಟ್ಟ ಕೂಡಲೇ ಅದು 32 ಬಿಟ್‌ನ ಪೂರ್ಣಾಂಕವಾಗುತ್ತದೆ. ಎಷ್ಟು ಸ್ಥಾನ ಸರಿಸಬೇಕು ಎಂಬ ಅಂಕಿಯಲ್ಲೂ ಕೆಳಗಿನ 5 ಬಿಟ್‌ಗಳನ್ನಷ್ಟೇ ನೋಡುತ್ತಾರೆ. 32ರ ಕೆಳಗಿನ ಐದೂ ಬಿಟ್ ಸೊನ್ನೆ. ಹಾಗಾಗಿ 32 ಸ್ಥಾನ ಸರಿಸು ಅಂದರೆ ಸರಿಸಲೇಬೇಡ ಅಂದ ಹಾಗೆ. ಎರರ್ ಇಲ್ಲ, ಎಚ್ಚರಿಕೆಯೂ ಇಲ್ಲ.

ಬಾಡಿಗೆದಾರರೊಬ್ಬರ ಅನುಮತಿಯ ಸಂಖ್ಯೆ 7 ಅಂದುಕೊಳ್ಳಿ: ನೋಟಿಸ್, ಗೇಟ್ ಪಾಸ್, ದೂರು ಮೂರೂ ಸೇರಿ. ಬಿಲ್ ತಿದ್ದಬಹುದೇ ಎಂದು `7 & BILL_EDIT` ಕೇಳಿದರೆ ಅದು `7 & 1`, ಉತ್ತರ 1, ಅಂದರೆ ಹೌದು. ನೋಟಿಸ್ ಓದುವ ಅನುಮತಿ ಎಲ್ಲರಿಗೂ ಇರುವುದರಿಂದ ಬಿಲ್ ತಿದ್ದುವ ಅನುಮತಿಯೂ ಎಲ್ಲರಿಗೂ ಸಿಕ್ಕಿತ್ತು. ಟಿಕ್ ತೆಗೆದಾಗ ನಡೆದದ್ದು `7 & ~BILL_EDIT`. ಉಳಿದದ್ದು 6, ನೋಟಿಸ್ ಮಾಯ.

ಅದರ ಮೇಲಿನ ಸಾಲು ನೋಡಿದಾಗ ಇನ್ನೊಂದು ಹಳೆಯ ದೂರಿನ ಗಂಟೂ ಬಿಚ್ಚಿತು. ಸಂಘದ ಕಾರ್ಯದರ್ಶಿಗೆ ಕ್ಲಬ್‌ಹೌಸ್ ಬುಕಿಂಗ್ ಒಪ್ಪುವ ಅನುಮತಿ ಟಿಕ್ ಆಗಿದ್ದರೂ ಆ ಪುಟ ತೆರೆಯುತ್ತಿರಲಿಲ್ಲ. 31ನೇ ಸ್ಥಾನದ್ದು ಚಿಹ್ನೆಯ ಬಿಟ್, ಅದು ಹೊತ್ತಿಕೊಂಡರೆ ಸಂಖ್ಯೆ ಋಣಾತ್ಮಕ. ಕೋಡ್‌ನಲ್ಲಿ ಇದ್ದ ಪರೀಕ್ಷೆ ಹೀಗಿತ್ತು:

```js
if ((flags & HALL_BOOK) > 0)
```

ಬಿಟ್ ಇದೆ, ಆದರೆ -2147483648 ಸೊನ್ನೆಗಿಂತ ದೊಡ್ಡದಲ್ಲ. `> 0` ಜಾಗದಲ್ಲಿ `!== 0` ಹಾಕಿದ ಮೇಲೆ ಪುಟ ತೆರೆಯಿತು. ಇಲ್ಲಿ ಆವರಣ ಬಿಡುವಂತಿಲ್ಲ. ಬಿಟ್ಟರೆ ಹೋಲಿಕೆ ಮೊದಲು ನಡೆದು, `&` ಆಮೇಲೆ ನಡೆಯುತ್ತದೆ.

ಇದೇ 32 ಬಿಟ್‌ನ ಮಿತಿ ಬೇರೆಲ್ಲಿ ಕಾಡಬಹುದು ಎಂದು ಇಡೀ ಕೋಡ್‌ನಲ್ಲಿ `| 0` ಮತ್ತು `~~` ಹುಡುಕಿದೆವು. ದಶಮಾಂಶ ಕತ್ತರಿಸಲು ಬಹಳ ಜನ ಬಳಸುವ ಉಪಾಯವಿದು. ಕಾರ್ಪಸ್ ಫಂಡ್‌ನ ಮೊತ್ತವನ್ನು ಪೈಸೆಯಲ್ಲಿ ಲೆಕ್ಕ ಹಾಕಿ `| 0` ಹಾಕಿದ ಜಾಗ ಸಿಕ್ಕಿತು. 2147483647 ಪೈಸೆಯವರೆಗೆ, ಅಂದರೆ ಸುಮಾರು 2.14 ಕೋಟಿ ರೂಪಾಯಿವರೆಗೆ, ಎಲ್ಲ ಸರಿ. 2.5 ಕೋಟಿ ರೂಪಾಯಿ ಕೊಟ್ಟು ನೋಡಿದೆವು:

```js
2500000000 | 0           // -1794967296
Math.trunc(2500000000)   // 2500000000
```

ಸಂಘದ ಫಂಡ್ ಇನ್ನೂ ಅಷ್ಟಕ್ಕೆ ಮುಟ್ಟಿರಲಿಲ್ಲ, ಅದಕ್ಕೇ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಣ ಮತ್ತು ಸಮಯದ ಲೆಕ್ಕದಲ್ಲಿ ಈ ಉಪಾಯ ಬೇಡವೇ ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. `Date.now()` ಕೊಡುವ ಮಿಲಿಸೆಕೆಂಡುಗಳಂತೂ ಈ ಮಿತಿಯನ್ನು ಎಂದೋ ದಾಟಿವೆ.

ಫ್ಲ್ಯಾಗ್‌ಗಳನ್ನು ಮಾತ್ರ ನಾನು ಬಿಡಲಿಲ್ಲ. ಹತ್ತಾರು ಹೌದು-ಇಲ್ಲಗಳನ್ನು ಒಂದೇ ಸಂಖ್ಯೆಯಲ್ಲಿ ಇಟ್ಟು, `|` ಇಂದ ಸೇರಿಸಿ, `&` ಇಂದ ಕೇಳುವ ಆ ಅಚ್ಚುಕಟ್ಟು ನನಗೆ ಇವತ್ತಿಗೂ ಇಷ್ಟ. ಅವಳು 32 ಬಿಟ್‌ನ ಮಿತಿ ಇಲ್ಲದ ಬಿಗ್‌ಇಂಟ್ ಸೂಚಿಸಿದಳು. `1n << 32n` ಸರಿಯಾಗಿಯೇ 4294967296n ಕೊಡುತ್ತದೆ. ಆದರೆ ಸಾಮಾನ್ಯ ಸಂಖ್ಯೆಯ ಜೊತೆ `&` ಮಾಡಿದರೆ ಎರರ್, `JSON.stringify` ಮಾಡಿದರೂ ಎರರ್. ನಮ್ಮ ಆ್ಯಪ್‌ನಲ್ಲಿ ಈ ಸಂಖ್ಯೆ ಓಡಾಡುವುದೇ ಜೇಸನ್ ಆಗಿ. ಅದಕ್ಕೇ ಹಣಕಾಸಿನ ಅನುಮತಿಗಳಿಗೆ ಬೇರೆಯೇ ಸಂಖ್ಯೆ ಮಾಡಿ, ಬಿಲ್ ತಿದ್ದುವುದನ್ನು ಅಲ್ಲಿ `1 << 0` ಮಾಡಿದೆವು.

ಹಳೆಯ ದಾಖಲೆ ಸರಿಪಡಿಸುವುದು ಕೋಡ್‌ನಿಂದ ಆಗುವ ಕೆಲಸವಾಗಿರಲಿಲ್ಲ. ಆಗಲೇ ಹೊತ್ತಿದ್ದ ಬಿಟ್‌ಗೆ `|` ಇಂದ ಮತ್ತೆ 1 ಸೇರಿಸಿದರೆ ಏನೂ ಬದಲಾಗುವುದಿಲ್ಲ. ಯಾರಿಗೆ ಬೇಕೆಂದೇ ಬಿಲ್ ಅನುಮತಿ ಕೊಟ್ಟಿದ್ದರು ಎಂಬುದು ಆ ಸಂಖ್ಯೆಯಲ್ಲಿ ಉಳಿದಿರಲೇ ಇಲ್ಲ. ನೋಟಿಸ್ ಬಿಟ್ ಎಲ್ಲರಿಗೂ ಮತ್ತೆ ಹಚ್ಚಿ, ಬಿಲ್‌ನದು ಯಾರಿಗೂ ಇಲ್ಲವೆಂದು ಮಾಡಿ, ಖಜಾಂಚಿಯವರಿಗೆ ಫೋನ್ ಮಾಡಿದೆ. ಅವರು ಕಮಿಟಿಯವರ ಹೆಸರು ಒಂದೊಂದಾಗಿ ಹೇಳುತ್ತಾ ಹೋದರು, ಅವಳು ಟಿಕ್ ಹಾಕುತ್ತಾ ಹೋದಳು.