ನೋಡಿ ಹೇಳೋದಲ್ಲ, ವಿಚಾರಿಸಿ ಹೇಳೋದು

"ಮೇಡಂ, ಈ ವೆಬ್‌ಸೈಟ್ ನಂಬಬಹುದಾ? ಒಂಚೂರು ನೋಡಿ ಹೇಳ್ತೀರಾ?"

ನೋಡುವುದಿಲ್ಲ. ಕಾಲೇಜಿನ ಲೈಬ್ರರಿಯಲ್ಲಿ 20 ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವಳು ಹೀಗೆ ಹೇಳಿದರೆ ಕೇಳಿದವರಿಗೆ ಬೇಜಾರಾಗುತ್ತದೆ ಎಂದು ಗೊತ್ತು. ಆದರೆ ನನಗೆ ಸಿಟ್ಟು ಬರುವುದೇ ಆ "ನೋಡಿ" ಅನ್ನುವ ಮಾತಿಗೆ. ನಾನು ತಡೆದರೂ ಫೋನನ್ನು ಕಣ್ಣಿಗೆ ಇನ್ನೂ ಹತ್ತಿರ ಹಿಡಿದು ಒಂದೊಂದನ್ನೇ ತೋರಿಸುತ್ತಾರೆ. ನೋಡಿ, ಒಂದೂ ಜಾಹೀರಾತಿಲ್ಲ. ನೋಡಿ, ಕೊನೆಯಲ್ಲಿ .org ಇದೆ. ಕೆಳಗೆ ಆಧಾರಗಳ ಪಟ್ಟಿ ಕೊಟ್ಟಿದ್ದಾರೆ, ಬಿಳಿ ಕೋಟಿನ ಡಾಕ್ಟರುಗಳ ಫೋಟೋ ಇದೆ, "ನಮ್ಮ ಬಗ್ಗೆ" ಅಂತ ಒಂದು ಇಡೀ ಪುಟವೇ ಇದೆ.

ಇದೆಲ್ಲ ಇಟ್ಟವರು ಯಾರು? ಅವರೇ. .gov.in ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಸಿಗುತ್ತದೆ, ಆದರೆ .org ಅನ್ನು ದುಡ್ಡು ಕೊಟ್ಟು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಸಂಸ್ಥೆ ಲಾಭಕ್ಕೆ ನಡೆಯುತ್ತಿದೆಯೋ ಸೇವೆಗೋ ಎಂದು ಯಾರೂ ಪರೀಕ್ಷಿಸುವುದಿಲ್ಲ. ಆಧಾರಗಳ ಪಟ್ಟಿಯನ್ನು ಯಾರು ಬೇಕಾದರೂ ಬರೆಯಬಹುದು. ಅಂದವಾದ ಪುಟ ಮಾಡಲು ಒಂದು ಮಧ್ಯಾಹ್ನ ಸಾಕು. ಅವರ ಅಂಗಳದಲ್ಲಿ ನಿಂತು ನಾನು ಎಷ್ಟು ಕಣ್ಣರಳಿಸಿ ನೋಡಿದರೂ ಅವರು ತೋರಿಸಬೇಕು ಅಂದುಕೊಂಡದ್ದಷ್ಟೇ ಕಾಣುತ್ತದೆ.

ಓದಿದವರು ಮೋಸ ಹೋಗುವುದಿಲ್ಲ ಎನ್ನುವವರಿಗೆ ನಾನು ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನದ ಕತೆ ಹೇಳುತ್ತೇನೆ. ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಅದನ್ನು ಹೊರತಂದರು. 45 ಜನರನ್ನು ಕಂಪ್ಯೂಟರ್ ಮುಂದೆ ಕೂರಿಸಿದ್ದರು. ಅವರಲ್ಲಿ 10 ಜನ ಪಿಎಚ್‌ಡಿ ಮಾಡಿದ ಇತಿಹಾಸಕಾರರು, 25 ಜನ ಸ್ಟ್ಯಾನ್‌ಫೋರ್ಡ್‌ನ ಪದವಿ ವಿದ್ಯಾರ್ಥಿಗಳು, ಉಳಿದ 10 ಜನ ಸುದ್ದಿಸಂಸ್ಥೆಗಳಲ್ಲಿ ಫ್ಯಾಕ್ಟ್‌ಚೆಕ್ ಮಾಡುವುದನ್ನೇ ವೃತ್ತಿ ಮಾಡಿಕೊಂಡವರು. ಅವರ ಮುಂದಿಟ್ಟ ಪುಟಗಳಲ್ಲಿ ಎರಡು, ಶಾಲೆಯಲ್ಲಿ ಮಕ್ಕಳು ಮಕ್ಕಳನ್ನೇ ಪೀಡಿಸುವುದರ ಬಗ್ಗೆ ಬರೆದಂಥವು. ಒಂದು ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್‌ನದು, ಇನ್ನೊಂದು ಅಮೆರಿಕನ್ ಕಾಲೇಜ್ ಆಫ್ ಪೀಡಿಯಾಟ್ರಿಷಿಯನ್ಸ್‌ನದು. ಎರಡೂ ಮಕ್ಕಳ ವೈದ್ಯರ ಸಂಘಗಳೇ, ಹೆಸರುಗಳೂ ಅಕ್ಕತಂಗಿಯರ ಹಾಗೆ ಇವೆ. ಯಾವುದು ಹೆಚ್ಚು ನಂಬಿಕೆಗೆ ಅರ್ಹ ಎಂಬುದು ಪ್ರಶ್ನೆ.

ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಎರಡನೆಯದನ್ನು ಆರಿಸಿದರು. ಅವರು ಕೊಟ್ಟ ಕಾರಣಗಳನ್ನು ಓದಿದಾಗ ಫೋನ್ ಹಿಡಿದು ನನ್ನ ಮುಂದೆ ನಿಲ್ಲುವವರ ದನಿಯೇ ಕೇಳಿಸಿತು: ಶಿಸ್ತಾಗಿದೆ, ಆಧಾರಗಳಿವೆ, ಜಾಹೀರಾತಿಲ್ಲ. ಹಳೆಯ ಕಾಗದಪತ್ರಗಳ ಸುಳ್ಳುನಿಜ ಜಾಲಿಸುವುದರಲ್ಲೇ ಆಯುಸ್ಸು ಕಳೆದ ಇತಿಹಾಸಕಾರರಲ್ಲೂ ಹಲವರು ಎರಡೂ ಸರಿ ಇರಬಹುದು ಎಂದುಬಿಟ್ಟರು. ಫ್ಯಾಕ್ಟ್‌ಚೆಕ್ ಮಾಡುವ ಹತ್ತೂ ಜನ ಮೊದಲನೆಯದನ್ನು ಹಿಡಿದರು.

ಅವರಿಗೆ ಮಕ್ಕಳ ವೈದ್ಯಶಾಸ್ತ್ರ ಗೊತ್ತಿರಲಿಲ್ಲ. ಅವರು ಪುಟವನ್ನು ಹೆಚ್ಚು ಎಚ್ಚರಿಕೆಯಿಂದ ಓದಿದರು ಅಂದುಕೊಂಡರೆ ಅದೂ ತಪ್ಪು. ಅವರು ಕಡಿಮೆ ಓದಿದರು. ಪುಟಕ್ಕೆ ಬಂದು ಸಂಸ್ಥೆಯ ಹೆಸರು ಕಣ್ಣಿಗೆ ಬಿದ್ದ ಕೂಡಲೇ ಪಕ್ಕದಲ್ಲಿ ಹೊಸ ಟ್ಯಾಬ್ ತೆರೆದು ಆ ಹೆಸರನ್ನು ಹುಡುಕಿದರು. ಉಳಿದವರು ಪುಟದ ಮೇಲಿನಿಂದ ಕೆಳಕ್ಕೆ ಇಳಿಯುತ್ತಿದ್ದಾಗ ಇವರು ಅಕ್ಕಪಕ್ಕಕ್ಕೆ ಸರಿಯುತ್ತಿದ್ದರು. ಇದಕ್ಕೆ ಲ್ಯಾಟರಲ್ ರೀಡಿಂಗ್ ಎಂಬ ಹೆಸರು ಬಂದದ್ದು ಹಾಗೆ. ನಾನು ಅಡ್ಡ ಓದು ಅನ್ನುತ್ತೇನೆ.

ಆ ಎರಡನೆಯ ಸಂಘವನ್ನೇ ಈಗ ನೀವು ವಿಚಾರಿಸಿ ನೋಡಿ. ಹುಡುಕುವ ಕಡೆ ಹೀಗೆ ಬರೆಯಿರಿ:

```
"American College of Pediatricians" -site:acpeds.org
```

ಉದ್ಧರಣ ಚಿಹ್ನೆ ಹಾಕಿದ್ದು ಪದಗಳು ಅದೇ ಕ್ರಮದಲ್ಲಿ ಸಿಗಲಿ ಎಂದು. ಮೈನಸ್ ಹಾಕಿ site ಬರೆದದ್ದು ಆ ಸಂಘದ ಸ್ವಂತ ಪುಟಗಳನ್ನು ಪಟ್ಟಿಯಿಂದ ಹೊರಗಿಡಲು. ಪಟ್ಟಿ ಬಂದ ಮೇಲೆ ಮೊದಲ ಕೊಂಡಿಯನ್ನೇ ಒತ್ತಬೇಡಿ. ಇಡೀ ಪಟ್ಟಿಯ ಮೇಲೆ ಒಮ್ಮೆ ಕಣ್ಣಾಡಿಸಿ, ಕೊಂಡಿಯ ಕೆಳಗಿನ ಎರಡೆರಡು ಸಾಲು ಓದಿ, ಯಾರು ಏನನ್ನುತ್ತಿದ್ದಾರೆ ನೋಡಿಕೊಂಡು ಆಮೇಲೆ ಆರಿಸಿ. ಆ ಹತ್ತು ಜನರ ಅಭ್ಯಾಸಗಳಲ್ಲಿ ಇದೂ ಒಂದು. ಮೊದಲು ಬಂದದ್ದೇ ಸರಿಯಾದದ್ದು ಎಂದು ಅವರು ನಂಬಲಿಲ್ಲ.

ಕೆಲವೇ ನಿಮಿಷದಲ್ಲಿ ಇಷ್ಟು ತಿಳಿಯುತ್ತದೆ. ಅಕಾಡೆಮಿ 1930ರಲ್ಲಿ ಹುಟ್ಟಿದ್ದು, 60 ಸಾವಿರಕ್ಕೂ ಹೆಚ್ಚು ಸದಸ್ಯರಿದ್ದಾರೆ, ದಶಕಗಳಿಂದ ತನ್ನದೇ ಸಂಶೋಧನಾ ಪತ್ರಿಕೆ ನಡೆಸುತ್ತಿದೆ. ಕಾಲೇಜು ಹುಟ್ಟಿದ್ದು 2002ರಲ್ಲಿ. ಸಲಿಂಗ ದಂಪತಿಗಳು ಮಕ್ಕಳನ್ನು ದತ್ತು ಪಡೆಯುವುದನ್ನು ಅಕಾಡೆಮಿ ಬೆಂಬಲಿಸಿದಾಗ, ಅದನ್ನು ಒಪ್ಪದ ಒಂದು ಸಣ್ಣ ಗುಂಪು ಕಟ್ಟಿಕೊಂಡ ಸಂಘ ಅದು. ಸದರ್ನ್ ಪಾವರ್ಟಿ ಲಾ ಸೆಂಟರ್ ಎಂಬ ಸಂಸ್ಥೆ ಅದನ್ನು ದ್ವೇಷ ಹರಡುವ ಗುಂಪುಗಳ ಪಟ್ಟಿಗೆ ಸೇರಿಸಿದೆ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಪಟ್ಟಿ ಮಾಡಿದ ಸಂಸ್ಥೆಯೂ ಒಂದು ಪಕ್ಷ ಹಿಡಿದು ಹೋರಾಡುವಂಥದ್ದೇ, ಅದು ಹಚ್ಚಿದ ಹಣೆಪಟ್ಟಿಯನ್ನು ತೀರ್ಪು ಅಂದುಕೊಳ್ಳಬಾರದು. ನಾನು ಹಿಡಿಯುವುದು ಹಣೆಪಟ್ಟಿಯನ್ನಲ್ಲ, ಯಾವ ಕಡೆಯವರೂ ಅಲ್ಲಗಳೆಯದ ಸಂಗತಿಯನ್ನು: ಯಾವಾಗ ಹುಟ್ಟಿತು, ಯಾಕೆ ಒಡೆಯಿತು, ಯಾವುದು ದೊಡ್ಡದು, ಯಾವುದು ಸಣ್ಣದು. ಅಷ್ಟು ಗೊತ್ತಾದ ಮಾತ್ರಕ್ಕೆ ಆ ಪುಟದ ಪ್ರತಿ ಸಾಲೂ ಸುಳ್ಳು ಎಂದಾಗುವುದಿಲ್ಲ. ಆದರೆ ಈಗ ಅಲ್ಲಿಗೆ ವಾಪಸ್ ಹೋಗಿ ಓದಿದರೆ ನೀವು ಬೇರೆಯೇ ಓದುಗರು. "ಮಕ್ಕಳ ವೈದ್ಯರು ಹೀಗೆನ್ನುತ್ತಾರೆ" ಎಂಬುದು "ಮಕ್ಕಳ ವೈದ್ಯರಲ್ಲಿ ಒಂದು ಸಣ್ಣ ಗುಂಪು ಹೀಗೆನ್ನುತ್ತದೆ" ಎಂದು ಕೇಳಿಸುತ್ತದೆ.

ವಿಕಿಪೀಡಿಯ ನೋಡಬಾರದು ಅಂತ ಮೇಷ್ಟ್ರು ಹೇಳಿದ್ದಾರೆ ಎನ್ನುವ ವಿದ್ಯಾರ್ಥಿಗಳಿಗೂ ಇಲ್ಲೇ ಒಂದು ಮಾತು. ಆ ವೃತ್ತಿಪರರು ಅದನ್ನು ನೋಡಿದರು. ಅದನ್ನೇ ಕೊನೆಯ ಮಾತು ಅಂದುಕೊಳ್ಳಲಿಲ್ಲ, ಅಷ್ಟೆ. ಲೇಖನದ ತಳದಲ್ಲಿರುವ ಆಧಾರಗಳಿಗೆ ನೇರವಾಗಿ ಇಳಿದು ಅಲ್ಲಿಂದ ಪತ್ರಿಕೆಗಳಿಗೆ ಹೋದರು. ಹೊಸ ಊರಿಗೆ ಹೋದಾಗ ಬಸ್‌ಸ್ಟ್ಯಾಂಡಿನ ಅಂಗಡಿಯವರನ್ನು ದಾರಿ ಕೇಳುವುದಿಲ್ಲವೇ, ಹಾಗೆ.

ಇದೆಲ್ಲ ನಮ್ಮ ಜನಕ್ಕೆ ಹೊಸದೂ ಅಲ್ಲ, ನನ್ನ ಸಿಟ್ಟಿಗೆ ಅದೇ ಕಾರಣ. ಮಗಳಿಗೆ ಸಂಬಂಧ ಬಂದರೆ ಹುಡುಗನ ಮನೆಯ ಸೋಫಾದ ಮೇಲೆ ಕೂತು "ನೀವು ಒಳ್ಳೆಯವರಾ?" ಎಂದು ಯಾರೂ ಕೇಳುವುದಿಲ್ಲ. ಆಫೀಸಿನಲ್ಲಿ ಯಾರಾದರೂ ಗೊತ್ತಿದ್ದಾರಾ ನೋಡುತ್ತಾರೆ, ಆ ಬೀದಿಯಲ್ಲಿ ನೆಂಟರಿದ್ದರೆ ಫೋನ್ ಮಾಡುತ್ತಾರೆ, ಎದುರುಮನೆಯವರ ಮಾತು ಬೇರೆ, ಮನೆ ಓನರ್ ಮಾತು ಬೇರೆ ಎಂದು ತೂಗುತ್ತಾರೆ. ಅದೇ ಅಪ್ಪ, ಅದೇ ಅಮ್ಮ, ಡಯಾಬಿಟಿಸ್ ಮಾತ್ರೆ ಬಿಡಬೇಕೋ ಬೇಡವೋ ಎನ್ನುವಾಗ ಸೋಫಾದ ಮೇಲೇ ಕೂತು ಮನೆಯ ಬಣ್ಣ ನೋಡುತ್ತಾರೆ.

ಮಾತ್ರೆಯ ಪ್ರಸಂಗ ಸುಮ್ಮನೆ ಹೇಳಿದ್ದಲ್ಲ. ನಮ್ಮ ಬೀದಿಯ ಒಬ್ಬ ಸೊಸೆ ತನ್ನ ಅತ್ತೆ ಓದುತ್ತಿದ್ದ ಒಂದು ಕನ್ನಡ ಆರೋಗ್ಯ ಪುಟವನ್ನು ನನಗೆ ತೋರಿಸಿದಳು. ಒಂದು ಕಷಾಯದಿಂದ ಸಕ್ಕರೆ ಕಾಯಿಲೆಯೇ ಹೋಗುತ್ತದೆ, ವಿದೇಶಿ ವಿಶ್ವವಿದ್ಯಾಲಯದ ಸಂಶೋಧನೆ ಸಾಬೀತು ಮಾಡಿದೆ ಎಂದು ಅಲ್ಲಿತ್ತು. ಅತ್ತೆ ನಾಲ್ಕು ದಿನದಿಂದ ಮಾತ್ರೆ ನುಂಗಿರಲಿಲ್ಲ. ಮೊದಲು ಡಾಕ್ಟರಿಗೆ ಫೋನ್ ಮಾಡಿಸಿದೆ. ಆಮೇಲೆ ಪುಟದ ಹೆಸರನ್ನು ಹುಡುಕಿದೆ. ಏನೂ ಸಿಗಲಿಲ್ಲ, ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ.

ಯಾರಾದರೂ ನನ್ನನ್ನು ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಇದು: ಹೊರಗೆ ಬಂದೆ ಮೇಡಂ, ಆದರೆ ಹೊರಗೆ ಯಾರೂ ಇಲ್ಲ, ಈಗೇನು ಮಾಡಲಿ? ಇಂಗ್ಲಿಷಿನ ದೊಡ್ಡ ಸಂಸ್ಥೆಗಳ ಬಗ್ಗೆ ಬರೆಯುವವರಿದ್ದಾರೆ. ನಮ್ಮ ಭಾಷೆಯ ಸಣ್ಣಪುಟ್ಟ ಪುಟಗಳನ್ನು ವಿಚಾರಿಸಿ ಬರೆದಿಟ್ಟವರು ತೀರಾ ಕಡಿಮೆ. ಮೌನ ಎಂದರೆ ತೊಂದರೆ ಇಲ್ಲ ಎಂದಲ್ಲ. ಆಗ ಪುಟವನ್ನು ಬಿಟ್ಟು ಪುಟದಲ್ಲಿರುವ ಮಾತನ್ನು ಹಿಡಿದು ಹೊರಡಬೇಕು.

ಅಲ್ಲಿನ ಒಂದು ಇಡೀ ವಾಕ್ಯವನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿದೆ. ಬೇರೆ ಬೇರೆ ಹೆಸರಿನ ಏಳು ಪುಟಗಳಲ್ಲಿ ಅದೇ ವಾಕ್ಯ ಸಿಕ್ಕಿತು, ಅದರ ಕಾಗುಣಿತದ ತಪ್ಪಿನ ಸಮೇತ. "ಏಳು ಕಡೆ ಬಂದಿದೆಯಲ್ಲ ಆಂಟಿ, ನಿಜ ಇರಬೇಕು" ಅಂದಳು ಸೊಸೆ. ಅಲ್ಲವಮ್ಮ. ಏಳೂ ಪುಟಗಳಲ್ಲಿ ತಪ್ಪೂ ಒಂದೇ ಆದರೆ ಅದು ಏಳು ಸಾಕ್ಷಿ ಅಲ್ಲ, ಒಂದೇ ಬಾಯಿ. ಅವುಗಳಲ್ಲಿ ಎರಡು ಪುಟದ ತಳದಲ್ಲಿದ್ದ ಫೋನ್ ನಂಬರನ್ನು ಹುಡುಕಿದಾಗ ಅದು ಕಷಾಯದ ಪುಡಿ ಮಾರುವ ಅಂಗಡಿಯದೇ ಎಂದು ತಿಳಿಯಿತು. ಕೊನೆಗೆ ಗಿಡದ ಹೆಸರನ್ನು ಇಂಗ್ಲಿಷಿನಲ್ಲಿ, ಡಯಾಬಿಟಿಸ್ ಎಂಬ ಪದದ ಜೊತೆ ಹಾಕಿ ಹುಡುಕಿದೆ. ಸಂಶೋಧನೆ ನಿಜವಾಗಿಯೂ ಇತ್ತು, ಆದರೆ ನಡೆದಿದ್ದು ಇಲಿಗಳ ಮೇಲೆ. ಮನುಷ್ಯರು ಮಾತ್ರೆ ಬಿಡಬಹುದು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ. ಕನ್ನಡದಲ್ಲೇ ಹುಡುಕುತ್ತಾ ಕೂತಿದ್ದರೆ ಆ ಏಳು ಪುಟಗಳೊಳಗೇ ಸುತ್ತುತ್ತಿದ್ದೆ.

ಎಲ್ಲ ಸೇರಿ ಅರ್ಧ ಗಂಟೆ ಹಿಡಿಯಿತು. ಎಲ್ಲದಕ್ಕೂ ಅಷ್ಟು ಹೊತ್ತು ಕೊಡಿ ಎನ್ನುವುದಿಲ್ಲ. ಪಟ್ಟಿಯಲ್ಲಿ ಏನೂ ಸಿಗದೇ ಹೋದರೆ, ಮಾತ್ರೆ, ದುಡ್ಡು, ಮಗು ಈ ಮೂರರ ಸುದ್ದಿಯಲ್ಲದಿದ್ದರೆ, ಆ ಪುಟ ಮುಚ್ಚಿ ನಿಮ್ಮ ಕೆಲಸ ನೋಡಿಕೊಳ್ಳಿ. ನಿಜವೋ ಸುಳ್ಳೋ ತೀರ್ಮಾನಿಸದೆ ಬಿಟ್ಟುಬಿಡುವ ಹಕ್ಕು ಓದುವವರಿಗಿದೆ. ಬಿಟ್ಟದ್ದನ್ನು ಇನ್ನೊಬ್ಬರಿಗೆ ಕಳಿಸಬೇಡಿ, ಅಷ್ಟೆ.

ಅತ್ತೆ ಆ ಸಂಜೆಯೇ ಮಾತ್ರೆ ತೆಗೆದುಕೊಂಡರು. ಕಷಾಯವನ್ನು ಡಾಕ್ಟರನ್ನು ಕೇಳುವ ತನಕ ಪಕ್ಕಕ್ಕಿಟ್ಟಿದ್ದಾರೆ. ಮೊನ್ನೆ ಅವರೇ ಗೇಟಿನ ಹತ್ತಿರ ನಿಲ್ಲಿಸಿ ಫೋನ್ ತೆಗೆದರು. ನನಗೆ ಮತ್ತೆ ಸಿಟ್ಟು ಬರುವುದರಲ್ಲಿತ್ತು. "ಇದನ್ನ ನೋಡಿ ಅಂತಿಲ್ಲ ಕಣಮ್ಮ" ಅಂದರು. "ಈ ಮಂಡಿ ನೋವಿನ ಎಣ್ಣೆಯವರು ಯಾರು ಅಂತ ಸೊಸೆ ಕೈಲಿ ಹುಡುಕಿಸಿದೆ. ಮೂರು ಕಡೆ ಬರೆದಿದ್ದಾರೆ, ಮೂರೂ ಒಂದೇ ಥರ ಇದೆ. ಇದೂ ಒಂದೇ ಬಾಯಾ?" ಗೇಟು ತೆಗೆದು ಒಳಗೆ ಕರೆದು ಕೂರಿಸಿದೆ.