ಕಣ್ಣು-ಕಿವಿ ತಪಾಸಣೆ ಹಾಳೆ: ಕೆಲಸ ಎಲ್ಲಿಗೆ ಬಂತು

ಮುಂಬೈನ ಕುರ್ಲಾ ಕಡೆಯ ಕನ್ನಡ ಶಾಲೆಗೆ ಮಾಡುತ್ತಿರುವ ತಪಾಸಣೆ ಹಾಳೆ ಈಗ ಬಳಸುವ ಮಟ್ಟಕ್ಕೆ ಬಂದಿದೆ. ನಾನು ಕಣ್ಣಿನ ಕಡೆಯವನು, ಆಪ್ಟೋಮೆಟ್ರಿಸ್ಟ್. ಕಿವಿಯ ಭಾಗವನ್ನು ಆಡಿಯಾಲಜಿಸ್ಟ್ ಗೆಳತಿ ನೋಡಿಕೊಳ್ಳುತ್ತಾರೆ. ಇಬ್ಬರಿಗೂ ಇದು ರಜೆ ದಿನದ ಕೆಲಸ.

ಹಳೆಯ ರಿಜಿಸ್ಟರಿನಲ್ಲಿ ಪ್ರತಿ ಮಗುವಿನ ಮುಂದೆ 'ದೃಷ್ಟಿ: ಸರಿ, ಶ್ರವಣ: ಸರಿ' ಅಂತ ಬರೆದಿತ್ತು. ಒಂದೊಂದು ಕಣ್ಣು ಬೇರೆ ಬೇರೆ ನೋಡಿದರೋ, ಎರಡೂ ತೆರೆದಿಟ್ಟೇ ಓದಿಸಿದರೋ ಅದರಿಂದ ತಿಳಿಯುವುದಿಲ್ಲ. ಹೊಸ ಹಾಳೆಯಲ್ಲಿ 'ಸರಿ' ಅನ್ನುವ ಕಾಲಮ್ಮೇ ಇಲ್ಲ. ಬಲಗಣ್ಣು ಓದಿದ ಕೊನೆಯ ಸಾಲು, ಎಡಗಣ್ಣು ಓದಿದ ಕೊನೆಯ ಸಾಲು, ಕನ್ನಡಕ ಇತ್ತೇ ಇಲ್ಲವೇ, ಇಷ್ಟು ಬರೆಯಬೇಕು. ಖಾನೆ ಖಾಲಿ ಬಿಡುವ ಹಾಗಿಲ್ಲ. ಮಗು ಹೆದರಿ ಉತ್ತರಿಸದಿದ್ದರೆ 'ಆಗಲಿಲ್ಲ' ಅಂತ ಬರೆದು ಇನ್ನೊಂದು ದಿನ ಕರೆಯಬೇಕು. ಇಲ್ಲದಿದ್ದರೆ ಆ ಖಾಲಿ ಜಾಗ ವರ್ಷದ ಕೊನೆಗೆ ತಾನಾಗಿಯೇ 'ಸರಿ' ಆಗಿಬಿಡುತ್ತದೆ.

ಶಾಲೆಯಲ್ಲಿ 6 ಮೀಟರ್ ಉದ್ದದ ಖಾಲಿ ಜಾಗ ಎಲ್ಲಿಂದ ತರುವುದು? ಹಾಗಾಗಿ 3 ಮೀಟರಿಗೆ ಅಂತಲೇ ಮಾಡಿದ ಕಾರ್ಡು ಬಳಸುತ್ತೇವೆ. ಇಂಗ್ಲಿಷಿನ ಇ ಅಕ್ಷರ ಬೇರೆ ಬೇರೆ ದಿಕ್ಕಿಗೆ ತಿರುಗಿರುವ ಕಾರ್ಡು ಅದು. ಅದರ 'ಕಾಲು' ಯಾವ ಕಡೆಗಿದೆ ಅಂತ ಮಗು ಕೈಯಲ್ಲಿ ತೋರಿಸಿದರೆ ಸಾಕು, ಓದು ಬರಹ ಬೇಕಿಲ್ಲ. ಸಾಲುಗಳಿಗೆ 6/6, 6/9, 6/12 ಅಂತ ಹೆಸರು; 6/6 ಅಂದರೆ ಸಾಮಾನ್ಯ ದೃಷ್ಟಿ, ಎರಡನೇ ಅಂಕಿ ದೊಡ್ಡದಾದಷ್ಟೂ ಅಕ್ಷರ ದೊಡ್ಡದು. ಇದನ್ನು ಪ್ರಿಂಟ್ ಹಾಕಿಸುವವರು ಸ್ಕೇಲ್ ಹಿಡಿದು ಅಳೆಯಿರಿ. 3 ಮೀಟರಿನ ಕಾರ್ಡಿನಲ್ಲಿ 6/9 ಸಾಲಿನ ಅಕ್ಷರ ಸುಮಾರು 6.5 ಮಿ.ಮೀ. ಎತ್ತರ ಇರಬೇಕು. ಪ್ರಿಂಟರ್ ಪುಟಕ್ಕೆ ಹೊಂದಿಸಲು ಚಿತ್ರವನ್ನು ಸದ್ದಿಲ್ಲದೆ ಕುಗ್ಗಿಸುತ್ತದೆ. ಆಗ ಚೆನ್ನಾಗಿ ಕಾಣುವ ಮಕ್ಕಳೂ ಸಾಲಾಗಿ ಫೇಲ್ ಆಗುತ್ತಾರೆ. ಸರದಿಗೆ ಕಾಯುವ ಮಕ್ಕಳು ಕಾರ್ಡನ್ನು ಬಾಯಿಪಾಠ ಮಾಡುತ್ತಾರೆ, ಅದಂತೂ ಗ್ಯಾರಂಟಿ. ಅದಕ್ಕೆ ಒಂದು ಕಣ್ಣು ಮುಗಿದ ಮೇಲೆ ಬೇರೆ ಕಾರ್ಡು ಹಿಡಿಯುತ್ತೇವೆ.

ಯಾರನ್ನು ಆಸ್ಪತ್ರೆಗೆ ಕಳಿಸಬೇಕು ಅನ್ನುವುದು ಜಾಸ್ತಿ ಚರ್ಚೆಯಾದ ವಿಷಯ. ಒಂದನೇ ಕ್ಲಾಸಿನಿಂದ ಮೇಲೆ, ಯಾವುದೇ ಒಂದು ಕಣ್ಣು 6/9 ಸಾಲನ್ನು ಓದದಿದ್ದರೆ ಕಳಿಸುತ್ತೇವೆ. ಸಾಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಅಕ್ಷರ ಸರಿ ಹೇಳಿದರೆ ಓದಿದ ಲೆಕ್ಕ. ಬಾಲವಾಡಿಯ 4 ವರ್ಷದವರಿಗೆ 6/12 ಸಾಕು. ಆದರೆ ಅವರಲ್ಲಿ ಒಂದು ಕಣ್ಣು 6/6, ಇನ್ನೊಂದು 6/12 ಬಂದರೆ? ಎರಡೂ ಪಾಸು, ಆದರೂ ನಡುವೆ ಎರಡು ಸಾಲಿನ ವ್ಯತ್ಯಾಸ. ಅಂಥ ಮಗುವನ್ನೂ ಕಳಿಸಬೇಕು ಅಂತ ಬೇರೆ ನಿಯಮ ಸೇರಿಸಿದ್ದೇವೆ. ಮೆಳ್ಳೆಗಣ್ಣು ಇದ್ದರೆ ಕಾರ್ಡು ಎಷ್ಟೇ ಚೆನ್ನಾಗಿ ಓದಿದರೂ ಕಳಿಸುವುದೇ. ಪಾಪೆಯಲ್ಲಿ ಬಿಳಿ ಕಂಡರೆ ಪತ್ರ ಬರೆಯುತ್ತಾ ಕೂರುವುದಿಲ್ಲ, ಅವತ್ತೇ ಮನೆಯವರಿಗೆ ಫೋನು.

ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಕಥೆ ಕೇಳಿ. ಭಾಗ್ಯ ಅಂತ ಕರೆಯೋಣ, ವಯಸ್ಸು 7. ಎರಡೂ ಕಣ್ಣು ತೆರೆದಾಗ ಪಟಪಟನೆ 6/6. ಬಲಗಣ್ಣು ಮುಚ್ಚಿದ ಕೂಡಲೇ ಮುಖ ಓರೆ ಮಾಡಿ ಬೆರಳಿನ ಸಂದಿಯಿಂದ ನೋಡತೊಡಗಿದಳು. ಇಂಥ ಇಣುಕಾಟ ಕಂಡರೆ ಗದರಬಾರದು, ಅದೇ ಸುಳಿವು. ಅಂಗೈಯಿಂದ ಪೂರ್ತಿ ಮುಚ್ಚಿಸಿದಾಗ ಎಡಗಣ್ಣು 6/18ಕ್ಕೆ ನಿಂತಿತು. ಸಣ್ಣ ತೂತಿನ ಪಿನ್‌ಹೋಲ್ ಹಿಡಿದು ನೋಡಿದರೆ 6/12. ಸ್ವಲ್ಪ ಸುಧಾರಿಸಿತು ಅಂದರೆ ನಂಬರ್ ಇರುವ ಸಾಧ್ಯತೆ ಹೆಚ್ಚು. ಪೂರ್ತಿ ಸುಧಾರಿಸಲಿಲ್ಲ ಅಂದರೆ ಬರೀ ನಂಬರ್ ಅಲ್ಲದೆಯೂ ಇರಬಹುದು.

ಅವಳ ಅಮ್ಮನಿಗೆ ನಂಬಿಕೆಯೇ ಬರಲಿಲ್ಲ. "ಸೂಜಿಗೆ ದಾರ ಆಕೀನೇ ಪೋಣಿಸಿ ಕೊಡ್ತಾಳ್ರೀ ಸರ್, ಆಕಿಗೆ ಏನ್ ಕಾಣಂಗಿಲ್ರೀ?" ಅಂದರು. ಅವರು ಹೇಳಿದ್ದೂ ನಿಜವೇ. ಬಲಗಣ್ಣು ಎಲ್ಲ ಕೆಲಸ ಮಾಡುತ್ತಿದೆ. ಎಡಗಣ್ಣಿನಿಂದ ಬರುವ ಮಸುಕು ಚಿತ್ರವನ್ನು ಮೆದುಳು ಪಕ್ಕಕ್ಕಿಡಲು ಕಲಿತುಬಿಡುತ್ತದೆ.

ಈ ಮಾತುಕತೆಯಿಂದಲೇ ಪೋಷಕರ ಪತ್ರ ಬದಲಾಯಿತು. ಮೊದಲಿನ ಕರಡಿನಲ್ಲಿ 'ನಿಮ್ಮ ಮಗುವಿಗೆ ದೃಷ್ಟಿದೋಷವಿದೆ' ಅಂತಿತ್ತು. ತಪಾಸಣೆಯಿಂದ ಅಷ್ಟು ಹೇಳಲು ಬರುವುದಿಲ್ಲ, ಓದಿದವರಿಗೆ ಗಾಬರಿ ಬೇರೆ. ಈಗಿನದು ಹೀಗಿದೆ:

"ಭಾಗ್ಯಳ ಅಪ್ಪ ಅಮ್ಮನಿಗೆ ನಮಸ್ಕಾರ. ಶಾಲೆಯಲ್ಲಿ ಭಾಗ್ಯಳ ಕಣ್ಣು ನೋಡಿದೆವು. ಬಲಗಣ್ಣಿಗೆ ದೂರದ ಅಕ್ಷರ ಚೆನ್ನಾಗಿ ಕಾಣುತ್ತದೆ. ಎಡಗಣ್ಣಿಗೆ ಅಷ್ಟು ಕಾಣುತ್ತಿಲ್ಲ. ಒಂದು ಕಣ್ಣು ಚೆನ್ನಾಗಿದ್ದರೆ ಮನೆಯಲ್ಲಿ ಇದು ಗೊತ್ತಾಗುವುದಿಲ್ಲ. ಕಾರಣ ಏನು ಅಂತ ಕಣ್ಣಿನ ಡಾಕ್ಟರೇ ಹೇಳಬೇಕು. ದೀಪಾವಳಿ ರಜೆಗೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಅಲ್ಲಿ ಕಣ್ಣಿಗೆ ಡ್ರಾಪ್ಸ್ ಹಾಕಬಹುದು. ಒಂದೆರಡು ದಿನ, ಕೆಲವು ಸಲ ಇನ್ನೂ ಹೆಚ್ಚು ದಿನ, ಹತ್ತಿರದ್ದು ಮಸುಕಾಗಿ ಕಾಣುತ್ತದೆ. ಹೆದರಬೇಡಿ. ಕೆಳಗಿನ ಚೀಟಿಯನ್ನು ಡಾಕ್ಟರಿಂದ ತುಂಬಿಸಿ ಟೀಚರಿಗೆ ಕೊಡಿ."

ಡ್ರಾಪ್ಸಿನ ಮಾತು ಬೇಕಂತಲೇ ಹಾಕಿದ್ದು. ಮಕ್ಕಳ ಕಣ್ಣು ತಾನೇ ಬಿಗಿಹಿಡಿದು ಫೋಕಸ್ ಮಾಡುತ್ತದೆ. ಡ್ರಾಪ್ಸ್ ಇಲ್ಲದೆ ಮೂಲೆಯಂಗಡಿಯಲ್ಲಿ ಮಷಿನ್ ಇಟ್ಟು ನೋಡಿದರೆ ನಿಜವಾದ ನಂಬರ್ ಸಿಗದೇ ಹೋಗಬಹುದು. ಪತ್ರದ ಮೇಲಿನ ಅರ್ಧ ಕನ್ನಡ, ಚೀಟಿ ಇಂಗ್ಲಿಷ್. ಕೆಇಎಂ ಆಸ್ಪತ್ರೆಯಾಗಲಿ ಸಾಯನ್ ಆಸ್ಪತ್ರೆಯಾಗಲಿ, ಓಪಿಡಿಯಲ್ಲಿ ಕನ್ನಡ ಓದುವವರು ಸಿಗುತ್ತಾರೆ ಅಂತ ನಂಬಿಕೊಂಡು ಕೂರಲಾಗದು. ಕನ್ನಡ ಓದಲು ಬಾರದ ಮನೆಗಳೂ ಇವೆ, ಅವರಿಗೆ ಟೀಚರ್ ಫೋನಿನಲ್ಲೇ ಓದಿ ಹೇಳುತ್ತಾರೆ. ಪತ್ರವನ್ನು ಮಡಚಿಯೇ ಕೊಡುವುದು, ಕ್ಲಾಸಿನಲ್ಲಿ ಹೆಸರು ಕೂಗುವುದಿಲ್ಲ.

ಕಿವಿಯ ಹಾಳೆ ಇನ್ನೂ ಕುಂಟುತ್ತಿದೆ, ಕಾರಣ ಸದ್ದು. ಹೆಡ್‌ಫೋನಿನಲ್ಲಿ 1000, 2000, 4000 ಹರ್ಟ್ಸ್ ಸ್ವರಗಳನ್ನು 20 ಡೆಸಿಬೆಲ್ ಮಟ್ಟದಲ್ಲಿ ಪ್ರತಿ ಕಿವಿಗೂ ಕೇಳಿಸಬೇಕು. 500 ಹರ್ಟ್ಸ್ ಬಿಟ್ಟಿದ್ದೇವೆ, ಶಾಲೆಯ ಗದ್ದಲದಲ್ಲಿ ಅದು ಮುಳುಗಿಹೋಗುತ್ತದೆ. ಶುರು ಮಾಡುವ ಮೊದಲು ಗೆಳತಿ ತಾವೇ ಹೆಡ್‌ಫೋನ್ ಹಾಕಿ ಕೇಳುತ್ತಾರೆ. ಅವರಿಗೇ ಕೇಳದಿದ್ದರೆ ಆ ಕೋಣೆ ಬೇಡ. ರೈಲು ಹೋಗುತ್ತಿದೆ, ಸ್ವಲ್ಪ ಜೋರು ಮಾಡೋಣ ಅನ್ನುವವರಿಗೆ ಅವರ ಉತ್ತರ ಒಂದೇ: 35ಕ್ಕೆ ಏರಿಸಿದರೆ ಅಲ್ಪಸ್ವಲ್ಪ ಕೇಳಿಸದ ಮಕ್ಕಳೆಲ್ಲ ಪಾಸಾಗುತ್ತಾರೆ. ಹಾಳೆಯ ತಲೆಯಲ್ಲೇ ಕೋಣೆ, ಮಟ್ಟ ಎರಡನ್ನೂ ಬರೆಯುತ್ತೇವೆ.

ಕಣ್ಣಿನ ನಿಯಮ ಇಲ್ಲಿ ನಡೆಯುವುದಿಲ್ಲ. ಮಳೆಗಾಲದಲ್ಲಿ ಅರ್ಧ ಕ್ಲಾಸಿಗೆ ನೆಗಡಿ. ಕಿವಿಪರದೆಯ ಹಿಂದೆ ನೀರು ನಿಂತು ಕೇಳಿಸದೇ ಇರಬಹುದು, ಎಷ್ಟೋ ಮಕ್ಕಳಲ್ಲಿ ಅದು ತಾನಾಗಿ ಇಳಿಯುತ್ತದೆ. ಅದಕ್ಕೆ ಒಂದು ಸ್ವರ ತಪ್ಪಿದರೂ ಹೆಡ್‌ಫೋನ್ ಸರಿಪಡಿಸಿ ಇನ್ನೊಮ್ಮೆ ನೋಡುತ್ತೇವೆ. ಆಗಲೂ ತಪ್ಪಿದರೆ ಕೆಲವು ವಾರ ಬಿಟ್ಟು ಮತ್ತೆ ಕರೆಯುತ್ತೇವೆ. ಅಲ್ಲಿಯೂ ತಪ್ಪಿದರೆ ಆಸ್ಪತ್ರೆಗೆ, ಇಲ್ಲವೇ ಬಾಂದ್ರಾದಲ್ಲಿರುವ ಅಲಿ ಯಾವರ್ ಜಂಗ್ ವಾಕ್-ಶ್ರವಣ ಸಂಸ್ಥೆಗೆ ಪತ್ರ. ನಡುವಿನ ವಾರಗಳಲ್ಲಿ ಮಗು ಮುಂದಿನ ಬೆಂಚಿಗೆ. ಕಿವಿ ಸೋರುತ್ತಿದ್ದರೆ ಮಾತ್ರ ಕಾಯುವುದಿಲ್ಲ, ನೇರ ಇಎನ್‌ಟಿ ಡಾಕ್ಟರ ಹತ್ತಿರ.

ಭಾಗ್ಯಳ ಚೀಟಿ ವಾಪಸ್ ಬಂದಿದೆ. ಬಲಗಣ್ಣಿಗೆ +0.50, ಎಡಗಣ್ಣಿಗೆ +3.50. ಕನ್ನಡಕ ಹಾಕಿದ ಮೇಲೂ ಎಡಗಣ್ಣು 6/12. ಮೊದಲು ಬರೀ ಕನ್ನಡಕ, ಕೆಲವು ವಾರಗಳ ಮೇಲೆ ನೋಡಿ ಬೇಕಾದರೆ ದಿನಕ್ಕೆ ಸ್ವಲ್ಪ ಹೊತ್ತು ಒಳ್ಳೆ ಕಣ್ಣನ್ನು ಮುಚ್ಚುವ ಪಟ್ಟಿ ಅಂತ ಡಾಕ್ಟರ್ ಬರೆದಿದ್ದಾರೆ. ಹಾಗಾಗಿ ಹಾಳೆಗೆ ಇನ್ನೆರಡು ಕಾಲಮ್ ಬಂದವು: 'ಚೀಟಿ ಬಂತೇ', 'ಕನ್ನಡಕ ಹಾಕಿ ಎಷ್ಟು'. ಉಳಿದಿರುವುದು ಊರಿನ ಸಮಸ್ಯೆ. ಹಬ್ಬಕ್ಕೆ ಅಂತ ಕಲಬುರಗಿ, ಯಾದಗಿರಿ ಕಡೆ ಹೋದ ಕೆಲವು ಕುಟುಂಬಗಳು ತಿಂಗಳುಗಟ್ಟಲೆ ಬರುವುದಿಲ್ಲ. ಅಂಥವರ ಕೈಗೆ ಅಲ್ಲಿನ ಡಾಕ್ಟರಿಗೆ ತೋರಿಸಲು ಹಾಳೆಯ ಒಂದು ಪ್ರತಿ ಕೊಡುವುದು ಮುಂದಿನ ಕೆಲಸ. ಇಡೀ ಕ್ಲಾಸಿನ ಪಟ್ಟಿ ಹೋಗಬಾರದಲ್ವಾ, ಅದಕ್ಕೆ ಒಂದು ಮಗುವಿಗೆ ಒಂದು ಪುಟ ಆಗುವಂತೆ ಹಾಳೆಯನ್ನು ಮತ್ತೆ ಜೋಡಿಸುತ್ತಿದ್ದೇನೆ.